ಸಾಲು ಮುರಿದದ್ದು ಕವಿಯೋ, ಕಾಗದವೋ?

ಕೈಬರಹದ ಕವಿತೆಗಳನ್ನು ಕಂಪ್ಯೂಟರಿಗೆ ಇಳಿಸುವಾಗ ನನ್ನ ಹೆಚ್ಚಿನ ಹೊತ್ತು ಹೋಗುವುದು ಅಕ್ಷರ ಗುರುತಿಸುವುದಕ್ಕಲ್ಲ. ಸಾಲು ಮುರಿದದ್ದು ಕವಿಯೋ ಅಥವಾ ಹಾಳೆಯ ಅಂಚೋ ಎಂದು ತೀರ್ಮಾನಿಸುವುದೇ ದೊಡ್ಡ ಕೆಲಸ. ಒಂದು ಕಿರಿದಾದ ನೋಟುಪುಸ್ತಕದ ಎರಡು ಸಾಲುಗಳನ್ನೇ ತೆಗೆದುಕೊಂಡು ಹೇಳುತ್ತೇನೆ. ಹೊಡೆದುಹಾಕಿದ ಮಾತುಗಳನ್ನು ಸದ್ಯಕ್ಕೆ ಬಿಟ್ಟರೆ ಹಾಳೆಯಲ್ಲಿ ಕಾಣುವುದು ಇಷ್ಟು:

```
ಮುಗಿಲ ಅಂಚಿಗೆ ಬೆಳಕು
               ತಾಗಿತು
ಹಗಲ ಹೆಜ್ಜೆಯ ಸದ್ದು ಕೇಳಿತು
```

ಇಲ್ಲಿರುವುದು ಮೂರು ಸಾಲೋ, ಎರಡೋ? ‘ತಾಗಿತು’ ಬಲಕ್ಕೆ ಸರಿದು ಒಂಟಿಯಾಗಿ ನಿಂತಿದೆ. ಅದರ ಎರಡನೆಯ ಅಕ್ಷರವೂ ಗಕಾರವೇ ಆದ್ದರಿಂದ ಪ್ರಾಸ ಕೂಡಿದೆ, ಇದು ಬೇರೆ ಸಾಲೇ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ಪ್ರಾಸಾಕ್ಷರದ ಹಿಂದಿನ ಅಕ್ಷರ ‘ಮುಗಿಲ’, ‘ಹಗಲ’ ಎರಡರಲ್ಲೂ ಲಘು, ‘ತಾಗಿತು’ವಿನಲ್ಲಿ ಗುರು. ಈ ಅಕ್ಷರ ಎಲ್ಲ ಸಾಲುಗಳಲ್ಲೂ ಒಂದೇ ಬಗೆಯದಾಗಿರಬೇಕೆಂಬ ನಿಯಮ ಕವಿತೆಯ ಉಳಿದೆಡೆ ಎಲ್ಲೂ ತಪ್ಪಿಲ್ಲ. ಮಾತ್ರೆ ಎಣಿಸಿದರೆ ಅನುಮಾನ ಪೂರ್ತಿ ಕಳೆಯುತ್ತದೆ: ‘ಹಗಲ ಹೆಜ್ಜೆಯ ಸದ್ದು ಕೇಳಿತು’ 3, 4, 3, 4ರಂತೆ 14 ಮಾತ್ರೆ. ಮೇಲಿನ ತುಂಡಿಗೆ ‘ತಾಗಿತು’ ಸೇರಿಸಿದಾಗ ಅಲ್ಲಿಯೂ ಸರಿಯಾಗಿ 14. ಹಾಗಾಗಿ ಇದು ಒಂದೇ ಸಾಲು, ಜಾಗ ಸಾಲದೆ ಕೆಳಗಿಳಿದಿದೆ.

ಹೆಚ್ಚುಕಡಿಮೆ ಅಷ್ಟೇ ಉದ್ದದ ಎರಡನೆಯ ಸಾಲು ಅದೇ ಅಗಲದಲ್ಲಿ ಹಿಡಿದಿರುವಾಗ ಮೊದಲನೆಯದಕ್ಕೆ ಜಾಗ ಸಾಲದೆ ಹೋದದ್ದೇಕೆ? ಉತ್ತರ ಹೊಡೆದುಹಾಕಿದ ಮಾತಿನಲ್ಲಿದೆ. ಕವಿ ಮೊದಲು ‘ಮುಗಿಲ ಕೊನೆಗೆ’ ಎಂದು ಬರೆದಿದ್ದಾರೆ. ಒಂದು ಮಾತ್ರೆ ಕಡಿಮೆಯಾಯಿತು. ‘ಕೊನೆಗೆ’ಯನ್ನು ಅಲ್ಲಿಯೇ ಹೊಡೆದು, ಅದರ ಮುಂದೆಯೇ ‘ಅಂಚಿಗೆ’ ಎಂದು ಬರೆದು ಸಾಗಿದ್ದಾರೆ. ಆ ಪದ ತಿಂದ ಜಾಗವೇ ‘ತಾಗಿತು’ವನ್ನು ಕೆಳಕ್ಕೆ ತಳ್ಳಿದೆ. ತಿದ್ದುಪಡಿಯನ್ನು ಕೈಬಿಟ್ಟು ಪ್ರತಿ ಮಾಡಿದರೆ ಸಾಲು ಮುರಿದ ಕಾರಣವೂ ಅದರೊಂದಿಗೆ ಹೋಗುತ್ತದೆ. ಇವೆರಡನ್ನೂ ಒಟ್ಟಿಗೇ ದಾಖಲಿಸಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ತಿದ್ದುಪಡಿ ಎಲ್ಲಿ ಕುಳಿತಿದೆ ಎಂಬುದು ಅದು ಯಾವಾಗ ಆಯಿತೆಂಬುದಕ್ಕೂ ಸುಳಿವು ಕೊಡುತ್ತದೆ. ಸಾಲಿನೊಳಗೇ ಮುಂದುವರಿದ ಬದಲಾವಣೆ ಬರೆಯುತ್ತಿದ್ದಾಗಲೇ ಆದದ್ದು. ಸಾಲಿನ ಮೇಲಿನ ತೆರಪಿನಲ್ಲಿ ತುರುಕಿದ್ದು ಸಾಮಾನ್ಯವಾಗಿ ಆ ಸಾಲು ಮುಗಿದ ಮೇಲಿನದು. ಕೆಲವು ಕ್ಷಣಗಳ ನಂತರವೋ, ವರ್ಷಗಳ ನಂತರವೋ ಎಂಬುದು ಅಷ್ಟರಿಂದ ತಿಳಿಯದು. ಎರಡನೆಯ ಸಾಲಿನಲ್ಲಿ ‘ಸದ್ದು’ ಹೊಡೆದು ಮೇಲೆ ಪೆನ್ಸಿಲಿನಲ್ಲಿ ‘ಸಪ್ಪಳ’ ಎಂದು ಬರೆದಿದೆ. ಅದನ್ನೂ ಹೊಡೆದು, ‘ಸದ್ದು’ವಿನ ಕೆಳಗೆ ಚುಕ್ಕಿಗಳನ್ನಿಟ್ಟಿದ್ದಾರೆ. ಚುಕ್ಕಿಗಳೆಂದರೆ ‘ಹೊಡೆದದ್ದು ಹಾಗೆಯೇ ಇರಲಿ’ ಎಂದರ್ಥ. ‘ಸಪ್ಪಳ’ಕ್ಕೆ ನಾಲ್ಕು ಮಾತ್ರೆ, ಅಲ್ಲಿಗೆ ಬೇಕಾದದ್ದು ಮೂರು. ಕಪ್ಪುಬಿಳುಪಿನ ಸ್ಕ್ಯಾನ್‌ನಲ್ಲಿ ಪೆನ್ಸಿಲ್ಲೂ ಶಾಯಿಯೂ ಒಂದೇ ಆಗಿಬಿಡುತ್ತವೆ, ತೆಳುವಾದ ಚುಕ್ಕಿಗಳು ಮಾಯವಾಗುತ್ತವೆ. ಬಣ್ಣದ ಸ್ಕ್ಯಾನ್ ಇಲ್ಲದೆ ನಾನು ಕೆಲಸ ಶುರುಮಾಡುವುದಿಲ್ಲ.

ದಾಖಲಿಸುವುದಕ್ಕೆ, ಪಠ್ಯದ ಭಾಗಗಳನ್ನು ಕಂಪ್ಯೂಟರಿಗೆ ತಿಳಿಯುವಂತೆ ಗುರುತಿಸುವ ಟಿಇಐ ಎಂಬ ಪದ್ಧತಿಯ ಗುರುತುಗಳನ್ನು ಬಳಸುತ್ತೇನೆ. ಕವಿಯ ಸಾಲಿಗೆ `<l>`, ಹಾಳೆಯ ಮೇಲೆ ಹೊಸ ಸಾಲು ಶುರುವಾಗುವಲ್ಲಿ `<lb/>`, ಸಾಲುಗಳ ಗುಂಪಾದ ನುಡಿಗೆ `<lg>`. ಹೊಡೆದದ್ದಕ್ಕೆ `<del>`, ಸೇರಿಸಿದ್ದಕ್ಕೆ `<add>`, ಹೊಡೆದು ಮತ್ತೆ ಉಳಿಸಿಕೊಂಡದ್ದಕ್ಕೆ `<restore>`.

```
<l>ಮುಗಿಲ <del>ಕೊನೆಗೆ</del> ಅಂಚಿಗೆ ಬೆಳಕು <lb/>ತಾಗಿತು</l>
<l>ಹಗಲ ಹೆಜ್ಜೆಯ <restore><del>ಸದ್ದು</del></restore>
<del><add place="above">ಸಪ್ಪಳ</add></del> ಕೇಳಿತು</l>
```

ನುಡಿಗಳ ನಡುವಿನ ತೆರಪು ಸಾಮಾನ್ಯವಾಗಿ ಕಣ್ಣಿಗೇ ಕಾಣುತ್ತದೆ. ಕಷ್ಟ ಬರುವುದು ಪುಟದ ಕೊನೆಯಲ್ಲಿ. ಕೆಳಗೆ ಎರಡು ಮೂರು ಸಾಲುಗಳಷ್ಟು ಜಾಗ ಖಾಲಿ ಬಿಟ್ಟು ಮುಂದಿನ ಪುಟಕ್ಕೆ ಹೋಗಿದ್ದರೆ ನುಡಿ ಅಲ್ಲಿಗೆ ಮುಗಿದಿರುವ ಸಂಭವ ಹೆಚ್ಚು. ಪುಟ ತುದಿಯವರೆಗೂ ತುಂಬಿದ್ದರೆ ಉಳಿದ ನುಡಿಗಳ ಸಾಲಿನ ಎಣಿಕೆಯೇ ಆಧಾರ. ಮುಕ್ತಛಂದದಲ್ಲಿ ಆ ಆಧಾರವೂ ಇರುವುದಿಲ್ಲ. ಅಲ್ಲಿ ಪುಟ ಬದಲಾದ ಜಾಗಕ್ಕೆ `<pb/>` ಹಾಕಿ, ‘ಇಲ್ಲಿ ನುಡಿ ಮುರಿದಿದೆಯೋ ಇಲ್ಲವೋ ನಿಶ್ಚಯವಿಲ್ಲ’ ಎಂದು ಟಿಪ್ಪಣಿ ಬರೆಯುತ್ತೇನೆ. ಅಂದಕ್ಕೆಂದು ಒಂದು ಖಾಲಿ ಸಾಲು ಸೇರಿಸಿದರೆ ಓದುವವರು ಅದನ್ನು ಕವಿಯ ಮೌನವೆಂದೇ ತಿಳಿಯುತ್ತಾರೆ. ಹಾಡುಗಳಲ್ಲಿ ಪ್ರತಿ ಚರಣದ ಕೊನೆಗೆ ಪಲ್ಲವಿಯ ಮೊದಲ ಪದವನ್ನಷ್ಟೇ ಬರೆದು ಬಿಟ್ಟಿರುತ್ತಾರೆ. ಅದನ್ನೂ ಪೂರ್ತಿಗೊಳಿಸದೆ ಇದ್ದಷ್ಟನ್ನೇ ಇಳಿಸುತ್ತೇನೆ.

ತೆರೆಯ ಮೇಲೆ ತೋರಿಸುವಾಗ ಹಳೆಯ ತೊಡಕು ಹೊಸ ರೂಪದಲ್ಲಿ ಎದುರಾಗುತ್ತದೆ. ಮೊಬೈಲಿನ ಕಿರಿದಾದ ಪರದೆ ಉದ್ದದ ಸಾಲನ್ನು ತಾನಾಗಿಯೇ ಮುರಿಯುತ್ತದೆ. ವೆಬ್‌ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಪ್ರತಿ ಸಾಲಿಗೂ `padding-left: 2em; text-indent: -2em;` ಕೊಟ್ಟರೆ ಮುರಿದು ಕೆಳಗಿಳಿದ ಭಾಗ ಒಳಕ್ಕೆ ಸರಿದು ನಿಲ್ಲುತ್ತದೆ, ಕವಿಯ ಸಾಲು ಎಲ್ಲಿಂದ ಶುರುವಾಯಿತೆಂಬುದು ಸ್ಪಷ್ಟವಾಗಿ ಕಾಣುತ್ತದೆ.