ಲೂಸ್ ಮೋಷನ್ ಮಾತ್ರೆ: ನುಂಗುವ ಮೊದಲು ಜ್ವರ ನೋಡಿ, ಮಲ ನೋಡಿ

ಕಳೆದ ಜುಲೈನ ಜೋರು ಮಳೆಯಲ್ಲಿ ನಮ್ಮ ಭಾವ ಮಡಿಕೇರಿಯಿಂದ ಮೈಸೂರಿಗೆ ಬಸ್ಸಲ್ಲಿ ಹೋಗಬೇಕಿತ್ತು. ಮೂರು ಗಂಟೆ ದಾರಿ. ಬೆಳಿಗ್ಗೆ ಎದ್ದಾಗಿನಿಂದ ಮೂರು ಸಲ ನೀರು ನೀರಾಗಿ ಭೇದಿ ಆಗಿತ್ತು. ಇಂಥ ಹೊತ್ತಿಗೇ ಲೋಪರಮೈಡ್ ಮಾತ್ರೆ ನೆನಪಾಗುವುದು, ಅಲ್ವಾ?

ಮೊದಲು ಥರ್ಮಾಮೀಟರ್ ಇಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರೆ ಬೇಡ. ಆಮೇಲೆ ಮಲ ನೋಡಿ. ಅಸಹ್ಯ ಅನ್ನಿಸಿದರೂ ನೋಡಲೇಬೇಕು. ಕೆಂಪು ಗೆರೆ, ಲೋಳೆಯಲ್ಲಿ ಬೆರೆತ ರಕ್ತ ಅಥವಾ ಟಾರಿನಂಥ ಕಪ್ಪು ಕಂಡರೆ ಮಾತ್ರೆ ಮುಟ್ಟಬೇಡಿ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೂ, ಆ್ಯಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಭೇದಿ ಶುರುವಾಗಿದ್ದರೂ ಬೇಡ. 12 ವರ್ಷದೊಳಗಿನ ಮಕ್ಕಳಿಗೆ ಡಾಕ್ಟರ್ ಹೇಳದೆ ಕೊಡಲೇಬಾರದು.

ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಈ ಮಾತ್ರೆ ರೋಗಾಣುವನ್ನು ಕೊಲ್ಲುವುದಿಲ್ಲ. ಕರುಳಿನ ಓಟವನ್ನು ನಿಧಾನ ಮಾಡುತ್ತದೆ, ಅಷ್ಟೇ. ಆಗ ನೀರು ಹೀರಿಕೊಳ್ಳಲು ಕರುಳಿಗೆ ಹೊತ್ತು ಸಿಗುತ್ತದೆ. ಆದರೆ ಜ್ವರ, ರಕ್ತ ಇವೆ ಅಂದರೆ ರೋಗಾಣು ಕರುಳಿನ ಗೋಡೆಯನ್ನೇ ಕೊರೆಯುತ್ತಿರಬಹುದು. ಆಗ ಕರುಳನ್ನು ತಡೆದರೆ ರೋಗಾಣುವನ್ನೂ ಅದರ ವಿಷವನ್ನೂ ಒಳಗೇ ಕೂಡಿಹಾಕಿದಂತೆ. ಅಪರೂಪಕ್ಕೆ ದೊಡ್ಡ ಕರುಳು ಊದಿಕೊಂಡು ಜೀವಕ್ಕೇ ಅಪಾಯ ಆಗುವುದೂ ಉಂಟು.

ಭಾವನಿಗೆ ಜ್ವರ ಇರಲಿಲ್ಲ, ರಕ್ತವೂ ಇರಲಿಲ್ಲ. ದೊಡ್ಡವರಿಗೆ ಮೊದಲು 2 ಮಿಲಿಗ್ರಾಂನ ಎರಡು ಮಾತ್ರೆ. ಆಮೇಲೆ ಪ್ರತಿ ಸಲ ನೀರಾಗಿ ಹೋದಾಗ ಒಂದು. ಡಾಕ್ಟರನ್ನು ಕೇಳದೆ ದಿನಕ್ಕೆ ನಾಲ್ಕು ಮೀರಬಾರದು. ಜಾಸ್ತಿ ನುಂಗಿದರೆ ಎದೆಬಡಿತ ತಪ್ಪುವ ಅಪಾಯ ಇದೆ. ಎರಡು ದಿನದಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಭಾವ ಎರಡು ಮಾತ್ರೆ ನುಂಗಿ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಓಆರ್‌ಎಸ್‌ನ ದೊಡ್ಡ ಪೊಟ್ಟಣ ಪೂರ್ತಿ ಕದಡಿಕೊಂಡು ಹೊರಟರು. ಮಾತ್ರೆಗಿಂತ ಆ ನೀರೇ ಮುಖ್ಯ. ಭೇದಿಯಲ್ಲಿ ದೇಹ ಸೋಲುವುದು ನೀರು, ಉಪ್ಪು ಹೋಗಿ.

ಸಂಜೆ ಮೈಸೂರಿನಿಂದ ಫೋನ್ ಬಂತು. ‘ಚಳಿ ಹಿಡಿದಿದೆ, 101 ಜ್ವರ. ಮಲದಲ್ಲಿ ಸ್ವಲ್ಪ ಕೆಂಪು ಕಂಡಿತು. ಇನ್ನೊಂದು ಮಾತ್ರೆ ತಗೊಳ್ಲಾ?’

‘ಬೇಡ ಭಾವ, ಒಂದೂ ಬೇಡ. ಓಆರ್‌ಎಸ್ ಕುಡೀತಾ ಈಗಲೇ ಆಸ್ಪತ್ರೆಗೆ ಹೋಗಿ’ ಅಂದೆ. ಬೆಳಿಗ್ಗೆ ಸರಿ ಇದ್ದ ಮಾತ್ರೆ ಸಂಜೆ ತಪ್ಪಾಗಬಹುದು. ಹಾಗಾಗಿ ಪ್ರತಿ ಮಾತ್ರೆಗೂ ಮೊದಲು ಮತ್ತೆ ಜ್ವರ ನೋಡಿ, ಮಲ ನೋಡಿ. ಭಾವನಿಗೆ ಡಾಕ್ಟರ್ ಮಲ ಪರೀಕ್ಷೆ ಮಾಡಿಸಿ ಆ್ಯಂಟಿಬಯೋಟಿಕ್ ಕೊಟ್ಟರು. ನಾಲ್ಕನೇ ದಿನ ಮಡಿಕೇರಿಗೆ ವಾಪಸ್ ಬಂದರು.