ಕನಸಿನಲ್ಲಿ ಎಚ್ಚರವಾಗುವುದು: ಬೆಳಗಿನ ಜಾವದ ಅಭ್ಯಾಸ ಮತ್ತು ಡೈರಿಯಲ್ಲೊಂದು ಗೆರೆ

ಕನಸು ನಡೆಯುತ್ತಿರುವಾಗಲೇ ‘ಇದು ಕನಸು’ ಎಂದು ಗೊತ್ತಾದರೆ ಅದು ಲೂಸಿಡ್ ಕನಸು. ಅಷ್ಟೇ. ಹಾರುವುದು, ಗೋಡೆ ದಾಟುವುದು, ಬೇಕಾದವರನ್ನು ಕರೆಸಿಕೊಳ್ಳುವುದು ಎಲ್ಲ ಆಮೇಲಿನ ಮಾತು. ಹೊಸಬರು ಈ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಹಾಗಾಗಿ ಅರಿವು ಬಂದು ಹೋದದ್ದನ್ನೂ ‘ಆಗಲಿಲ್ಲ’ ಎಂದೇ ಲೆಕ್ಕ ಹಾಕುತ್ತಾರೆ.

ಇದು ಎದ್ದ ಮೇಲೆ ಕಟ್ಟಿದ ಕಥೆಯಲ್ಲ ಎನ್ನುವುದು 1975ರಲ್ಲೇ ಗೊತ್ತಾಗಿತ್ತು. ಕನಸು ಹೆಚ್ಚಾಗಿ ಬೀಳುವ ಹಂತವಾದ ರೆಮ್ ನಿದ್ದೆಯಲ್ಲಿ ಕೈಕಾಲು ಅಲುಗುವುದಿಲ್ಲ, ಕಣ್ಣುಗುಡ್ಡೆ ಮಾತ್ರ ಚಲಿಸುತ್ತದೆ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಇದನ್ನೇ ಬಳಸಿಕೊಂಡರು. ಮಲಗಿದ್ದ ಅಲನ್ ವೋರ್ಸ್ಲಿ ಕನಸಿನೊಳಗೆ ಎಚ್ಚರವಾದಾಗ ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿದರು, ಯಂತ್ರದಲ್ಲಿ ಅದು ದಾಖಲಾಯಿತು. ಕೆಲವು ವರ್ಷಗಳ ನಂತರ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ತಾವಾಗಿಯೇ ಇಂಥದೇ ಪ್ರಯೋಗ ಮಾಡಿದರು. ಕನಸಿನಲ್ಲಿ ಅರಿವು ಬರಲೆಂದು ಮಲಗುವ ಮುನ್ನ ಸಂಕಲ್ಪ ಮಾಡಿಕೊಳ್ಳುವ, ಮೈಲ್ಡ್ ಎಂದು ಕರೆಯುವ ವಿಧಾನವೂ ಅವರದೇ. ನಾನು ಅನುಸರಿಸುವುದು ಅದನ್ನೇ, ಬೆಳಗಿನ ಜಾವ ಒಮ್ಮೆ ಎದ್ದು ಮಲಗುವ ಕ್ರಮದ ಜೊತೆ ಸೇರಿಸಿ.

ಮೊದಲ ಎರಡು ವಾರ ಬೇರೇನೂ ಬೇಡ, ಡೈರಿ ಸಾಕು. ಎಚ್ಚರವಾದ ತಕ್ಷಣ ಮಗ್ಗುಲು ಬದಲಿಸದೆ, ಕಣ್ಣು ತೆರೆಯದೆ ಹಾಗೇ ಮಲಗಿ, ಕನಸಿನ ಕೊನೆಯ ತುಣುಕನ್ನು ಹಿಡಿದು ಹಿಂದಕ್ಕೆ ಹೋಗಬೇಕು. ಫೋನ್ ಕೈಗೆತ್ತಿಕೊಂಡರೆ ಅರ್ಧ ಕನಸು ಅಲ್ಲೇ ಅಳಿಸಿಹೋಗುತ್ತದೆ. ಒಂದೇ ಸಾಲು ನೆನಪಾದರೆ ಒಂದೇ ಸಾಲು ಬರೆಯಿರಿ. ಈ ಪುಟಗಳಿಂದ ಮುಂದೆ ಬೇಕಾಗುವುದು ಪದೇಪದೇ ಬರುವ ಅಸಂಗತಗಳು: ಬಿಟ್ಟುಹೋದ ರೈಲು, ಓದಿದಷ್ಟು ಸಲ ಬದಲಾಗುವ ಬರಹ, ಮನೆಯಲ್ಲಿ ಇಲ್ಲದ ಕೋಣೆ. ಇವೇ ನಿಮ್ಮ ಕನಸಿನ ಗುರುತುಗಳು.

ರಾತ್ರಿಯ ಕ್ರಮ ಹೀಗೆ. ಹನ್ನೊಂದಕ್ಕೆ ಮಲಗುವವರು ನಾಲ್ಕಕ್ಕೆ ಅಲಾರಂ ಇಡಬೇಕು, ಅಂದರೆ ಐದು ಗಂಟೆಯ ನಿದ್ದೆಯ ನಂತರ. ರೆಮ್ ಸರಿಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಬರುತ್ತದೆ. ಮೊದಲ ಸುತ್ತಿನಲ್ಲಿ ಅದು ಕೆಲವೇ ನಿಮಿಷ, ಬೆಳಗಾಗುತ್ತಾ ಉದ್ದವಾಗುತ್ತದೆ. ಮಲಗುವ ಹೊತ್ತಿಗೇ ಸಂಕಲ್ಪ ಮಾಡಿಕೊಂಡು ಮಲಗುವವರಿಗೆ ಫಲ ಕಡಿಮೆ ಸಿಗುವುದು ಇದರಿಂದಲೇ: ಮುಂದೆ ಬರುವುದು ಕನಸಲ್ಲ, ಗಾಢ ನಿದ್ದೆ.

ಎದ್ದು ಮಂದ ಬೆಳಕಿನಲ್ಲಿ ಹತ್ತು ನಿಮಿಷ ಕುಳಿತು, ಆಗಷ್ಟೇ ಕಂಡ ಕನಸನ್ನು ಬರೆಯಿರಿ. ಮತ್ತೆ ಮಲಗಿ, ‘ಮುಂದಿನ ಸಲ ಕನಸು ಕಾಣುವಾಗ ಇದು ಕನಸೆಂದು ನೆನಪಿಟ್ಟುಕೊಳ್ಳುತ್ತೇನೆ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಜೊತೆಗೆ ಅದೇ ಕನಸಿನೊಳಗೆ ಮರಳಿ ಹೋದಂತೆ, ಅದರ ಗುರುತನ್ನು ಕಂಡು ‘ಓ, ಇದು ಕನಸು’ ಎಂದು ಅರಿತಂತೆ ಚಿತ್ರಿಸಿಕೊಳ್ಳಿ. ಕೆಲಸ ಮಾಡುವುದು ಈ ಚಿತ್ರವೇ. ವಾಕ್ಯವನ್ನು ಜಪದಂತೆ ಉರು ಹಾಕಿದರೆ ನಿದ್ದೆ ಬರುತ್ತದೆ, ನೆನಪು ಬರುವುದಿಲ್ಲ. ಮನಸ್ಸು ಬೇರೆಡೆ ಹರಿದರೆ ಎಳೆದು ತಂದು ಮತ್ತೆ ಶುರು ಮಾಡಿ. ಕಣ್ಣು ಮುಚ್ಚಿಕೊಂಡು ಹೋಗುವಾಗ ಕೊನೆಯ ಯೋಚನೆ ಇದೇ ಆಗಿರಬೇಕು.

ಹೆಚ್ಚಿನವರು ಎಡವುವುದು ಕುಳಿತುಕೊಳ್ಳುವ ಅವಧಿಯಲ್ಲಿ. ದೀಪ ಹಾಕಿ ಅರ್ಧ ಗಂಟೆ ಓದಿದರೆ ನಿದ್ದೆ ಹಾರಿಹೋಗುತ್ತದೆ, ಅಲಾರಂ ಆರಿಸಿ ಹಾಗೇ ಒರಗಿದರೆ ಸಂಕಲ್ಪವೇ ಆಗಿರುವುದಿಲ್ಲ. ಆಸ್ಟ್ರೇಲಿಯಾದ ಡೆನ್‌ಹೋಮ್ ಆಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಇದು ಕನಸೇ?’ ಎಂದು ಹಗಲಿನಲ್ಲಿ ಪರೀಕ್ಷಿಸಿಕೊಳ್ಳುವುದೂ ಸೇರಿದಂತೆ ಇದೇ ಕ್ರಮ ಪಾಲಿಸಿದವರಿಗೆ ಸುಮಾರು ಶೇ. 17ರಷ್ಟು ಪ್ರಯತ್ನಗಳಲ್ಲಿ ಲೂಸಿಡ್ ಕನಸು ಬಿತ್ತು. ಮೈಲ್ಡ್ ಮುಗಿಸಿ ಐದು ನಿಮಿಷದೊಳಗೆ ನಿದ್ದೆ ಹೋದಾಗ ಆ ಪ್ರಮಾಣ ಶೇ. 46ರ ಹತ್ತಿರ ಇತ್ತು. ಹಾಗಾಗಿ ನಿದ್ದೆ ಬರಲು ತಡವಾಗುತ್ತಿದ್ದರೆ ಮರುಸಲ ಕುಳಿತುಕೊಳ್ಳುವ ಸಮಯವನ್ನು ಐದು ನಿಮಿಷಕ್ಕೆ ಇಳಿಸಿ ನೋಡಬೇಕು. ವಾರಕ್ಕೆ ಎರಡು ರಾತ್ರಿಗಿಂತ ಹೆಚ್ಚು ಬೇಡ, ಕದ್ದ ನಿದ್ದೆಯ ಸಾಲ ಹಗಲಿನಲ್ಲಿ ತೀರಿಸಬೇಕಾಗುತ್ತದೆ. ನಿಜ ಯಾವುದು, ಭ್ರಮೆ ಯಾವುದು ಎಂಬ ಗೊಂದಲ ಹಗಲಿನಲ್ಲೇ ಕಾಡುವವರು, ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಅರಿವು ಬಂದ ಮೊದಲ ಕ್ಷಣದಲ್ಲಿ ಖುಷಿಗೇ ಎಚ್ಚರವಾಗಿಬಿಡುತ್ತದೆ. ಆಗ ಏನೂ ಸಾಹಸ ಬೇಡ. ಕನಸಿನ ಎರಡು ಅಂಗೈಗಳನ್ನು ಉಜ್ಜಿಕೊಳ್ಳಿ, ಹತ್ತಿರದ ಗೋಡೆಯನ್ನು ಮುಟ್ಟಿ ಅದರ ಒರಟುತನ ಗಮನಿಸಿ. ದೃಶ್ಯ ಮಸುಕಾದರೂ ಸ್ಪರ್ಶ ಸ್ವಲ್ಪ ಹೊತ್ತು ಉಳಿಯುತ್ತದೆ, ಅದನ್ನು ಹಿಡಿದುಕೊಂಡಿದ್ದರೆ ದೃಶ್ಯವೂ ಮರಳುವುದುಂಟು. ಅನುಮಾನವಿದ್ದರೆ ಮೂಗು, ಬಾಯಿ ಎರಡನ್ನೂ ಮುಚ್ಚಿ ಉಸಿರೆಳೆದು ನೋಡಿ: ಗಾಳಿ ಬಂದರೆ ಕನಸು. ಹಾಸಿಗೆಯಲ್ಲಿ ಎದ್ದಂತೆ ಅನಿಸಿದಾಗಲೂ ಇದೇ ಪರೀಕ್ಷೆ ಮಾಡಿ, ಏಕೆಂದರೆ ‘ಎದ್ದೆ’ ಎನ್ನುವ ಕನಸು ಈ ಅಭ್ಯಾಸದಲ್ಲಿ ಬಹಳ ಸಾಮಾನ್ಯ.

ಇನ್ನು ನಿಯಂತ್ರಣದ ಪ್ರಶ್ನೆ. ಕನಸನ್ನು ನಾವೇ ತಿರುಗಿಸಿದರೆ ಅದು ಹೇಳುತ್ತಿದ್ದುದು ಕೆಟ್ಟುಹೋಗುವುದಿಲ್ಲವೇ? ನಾನು ಇದನ್ನು ಡೈರಿಯ ಪುಟದಲ್ಲೇ ಬಿಡಿಸಿಕೊಳ್ಳುತ್ತೇನೆ. ಅರಿವು ಬಂದ ಜಾಗದಲ್ಲಿ ಅಡ್ಡಗೆರೆ ಎಳೆದು, ಗೆರೆಯ ಕೆಳಗೆ ‘ನಾನು ಬಯಸಿದ್ದು’ ಮತ್ತು ‘ಆದದ್ದು’ ಎಂದು ಎರಡು ಕಾಲಂ ಮಾಡುವುದು.

ಒಂದು ಕನಸನ್ನು ಹೀಗೆ ಬರೆದು ನೋಡೋಣ. ಗೆರೆಯ ಮೇಲೆ: ರೈಲ್ವೆ ನಿಲ್ದಾಣ, ತಡವಾಗಿದೆ, ಟಿಕೆಟ್ ಮೇಲಿನ ಊರಿನ ಹೆಸರು ನೋಡಿದಾಗಲೆಲ್ಲ ಬೇರೆ, ಸಮವಸ್ತ್ರದವನೊಬ್ಬ ಟಿಕೆಟ್ ಕೇಳುತ್ತಿದ್ದಾನೆ, ರೈಲು ಹೊರಟಿತು. ಹೆಸರು ಬದಲಾದದ್ದೇ ಗುರುತಾಗಿ ಅರಿವು ಬಂತು. ಬಯಸಿದ್ದು: ರೈಲು ಹಿಂದಕ್ಕೆ ಬರಲಿ. ಆದದ್ದು: ಬಂತು, ಆದರೆ ಬಾಗಿಲಿಗೆ ಹಿಡಿಕೆ ಇರಲಿಲ್ಲ. ರೈಲು ಮಾತು ಕೇಳಿತು, ತಪ್ಪಿಹೋಗುವ ಆತಂಕ ಕೇಳಲಿಲ್ಲ, ಹಿಡಿಕೆಯಿಲ್ಲದ ಬಾಗಿಲಾಗಿ ಮತ್ತೆ ಬಂತು. ದೃಶ್ಯ ನಮ್ಮ ಆಜ್ಞೆಗಿಂತ ನಮ್ಮ ನಿರೀಕ್ಷೆಗೆ ಹೆಚ್ಚು ಬಗ್ಗುತ್ತದೆ. ‘ಬರಲಿ’ ಎನ್ನುವಾಗಲೇ ಒಳಗೆ ‘ಹತ್ತಲಾಗದು’ ಎಂದಿದ್ದರೆ ಆಗುವುದು ಎರಡನೆಯದೇ. ಆದ್ದರಿಂದ ಗೆರೆಯ ಮೇಲಿನ ಭಾಗದ ಅರ್ಥ ನಿಯಂತ್ರಣದಿಂದ ಕದಲುವುದಿಲ್ಲ, ಅದು ಆಗಲೇ ನಡೆದಿದೆ. ಕೆಳಗಿನ ಭಾಗದ ಅರ್ಥ ಇರುವುದು ಬಯಸಿದ್ದಕ್ಕೂ ಆದದ್ದಕ್ಕೂ ನಡುವಿನ ವ್ಯತ್ಯಾಸದಲ್ಲಿ. ಎರಡನ್ನೂ ಒಂದೇ ಕಥೆಯಾಗಿ ಬರೆದರೆ ಮಾತ್ರ ಅರ್ಥ ಕಲಸಿಹೋಗುತ್ತದೆ.

ಪೂರ್ತಿ ನಿಯಂತ್ರಣ ಸಿಕ್ಕಾಗ ನಷ್ಟವೊಂದುಂಟು. ಅರಿವು ಬಂದೊಡನೆ ನಿಲ್ದಾಣ ಬಿಟ್ಟು ಆಕಾಶಕ್ಕೆ ಹಾರಿದರೆ ಕೆಳಗಿನ ಎರಡೂ ಕಾಲಂ ಒಂದೇ ಆಗುತ್ತವೆ. ಮಜಾ ಇರುತ್ತದೆ, ಓದಲು ಏನೂ ಉಳಿಯುವುದಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಪಾಲ್ ಟೋಲೆ ಬೇರೆ ದಾರಿ ಹೇಳಿದ್ದರು: ಹೆದರಿಸುವ ಪಾತ್ರದಿಂದ ಓಡಬೇಡಿ, ಅದನ್ನು ಅಳಿಸಲೂ ಹೋಗಬೇಡಿ, ಎದುರು ನಿಂತು ಮಾತಾಡಿಸಿ. ಇಲ್ಲಿ ನಾವು ನಿಯಂತ್ರಿಸುವುದು ನಮ್ಮ ನಡೆಯನ್ನು ಮಾತ್ರ, ಉತ್ತರವನ್ನು ಕನಸಿಗೆ ಬಿಡುತ್ತೇವೆ. ಮೇಲಿನ ಕನಸಿನಲ್ಲಾದರೆ ರೈಲನ್ನು ಕರೆಯುವ ಬದಲು ಆ ಸಮವಸ್ತ್ರದವನ ಕಡೆ ತಿರುಗಿ ‘ನಿಮಗೆ ಏನು ಬೇಕು?’ ಎಂದು ಕೇಳುವುದು. ಉತ್ತರ ಅಸಂಬದ್ಧವಾಗಿರಬಹುದು, ಒಂದೇ ಪದವಿರಬಹುದು, ಅವನು ಸುಮ್ಮನೆ ಹೋಗಿಬಿಡಲೂಬಹುದು. ಎದ್ದ ಮೇಲೆ ಅದನ್ನು ತಿದ್ದದೆ ಬರೆಯಬೇಕು. ವ್ಯಾಖ್ಯಾನವನ್ನು ಸಂಜೆಗೆ ಇಟ್ಟುಕೊಳ್ಳಿ: ನಿದ್ದೆಗಣ್ಣಿನಲ್ಲಿ ಅರ್ಥ ಹುಡುಕುತ್ತಾ ಕುಳಿತರೆ ಅವನು ಹೇಳದ ಮಾತೂ ಪುಟ ಸೇರುತ್ತದೆ.