ಅರವತ್ತು ಸೆಕೆಂಡಿನಲ್ಲಿ ಕಾಗಕ್ಕ ಗುಬ್ಬಕ್ಕ: ಹಳೆ ಕತೆಗೆ ಹೊಸ ತಿರುವು ಕೊಡುವುದು ಹೇಗೆ?

ಶಾಲೆಯ ವೇದಿಕೆಯಿರಲಿ, ಫೋನಿನಲ್ಲಿ ಹಾಕುವ ಪುಟ್ಟ ವಿಡಿಯೊ ಇರಲಿ, ಒಂದು ನಿಮಿಷದಲ್ಲಿ ಜನಪದ ಕತೆ ಹೇಳಲು ಹೊರಟವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಹತ್ತು ನಿಮಿಷದ ಕತೆಯನ್ನು ಅವಸರದಲ್ಲಿ ಓಡಿಸಿ, ಪಾತ್ರಕ್ಕೆ ಮೊಬೈಲು ಕೊಟ್ಟು, ಕೊನೆಗೆ ಗಂಟೆ ಬಾರಿಸುವ ಹೊತ್ತಿಗೆ ಒಂದು ನೀತಿ ಅಂಟಿಸುತ್ತಾರೆ. ಕತೆಯನ್ನು ಚಿಕ್ಕದು ಮಾಡುವುದೆಂದರೆ ಬೇಗ ಹೇಳುವುದಲ್ಲ, ಅದರ ಕೀಲು ಎಲ್ಲಿದೆ ಎಂದು ಹುಡುಕಿ ಅದನ್ನಷ್ಟೇ ಉಳಿಸುವುದು. ಎಲ್ಲರಿಗೂ ಗೊತ್ತಿರುವ ಕಾಗಕ್ಕ ಗುಬ್ಬಕ್ಕನ ಕತೆಯನ್ನೇ ಇಟ್ಟುಕೊಂಡು ನೋಡೋಣ.

ಮೊದಲು ಕೀಲು ಹುಡುಕಿ

ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆಗೆ ಸಗಣಿ ಮನೆ ಕೊಚ್ಚಿಹೋಗುತ್ತದೆ. ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ‘ತಡಿ, ಮಗೂಗೆ ನೀರು ಹಾಕ್ತಿದೀನಿ’, ‘ತಡಿ, ಹಾಲು ಕುಡಿಸ್ತಿದೀನಿ’, ‘ತಡಿ, ಮಲಗಿಸ್ತಿದೀನಿ’ ಎನ್ನುತ್ತಾಳೆ. ಮುಂದಿನದು ಮನೆಮನೆಗೂ ಬೇರೆ. ಎಲ್ಲೋ ಕಾಗಕ್ಕ ನೆನೆದೇ ಹೋಗುತ್ತಾಳೆ, ಎಲ್ಲೋ ಒಳಗೆ ಬಂದು ಇದ್ದಬದ್ದದ್ದನ್ನೆಲ್ಲ ತಿಂದು ಹಾಕುತ್ತಾಳೆ. ಅರವತ್ತು ಸೆಕೆಂಡಿಗೆ ಒಂದೇ ಮುಕ್ತಾಯ ಸಾಕು. ಯಾವುದು ಬೇಕೆಂದು ಮೊದಲೇ ತೀರ್ಮಾನಿಸಬೇಕು, ಏಕೆಂದರೆ ಮುಕ್ತಾಯ ಬದಲಾದರೆ ನೀತಿಯೂ ಬದಲಾಗುತ್ತದೆ. ತಿಂದು ಹಾಕುವ ಕಾಗಕ್ಕನ ಕತೆ ‘ಯಾರನ್ನು ಒಳಗೆ ಬಿಡುತ್ತೀರಿ, ಎಚ್ಚರ’ ಎನ್ನುತ್ತದೆ. ನೆನೆದು ಹೋಗುವ ಕಾಗಕ್ಕನ ಕತೆ ‘ಬಾಗಿಲು ತೆಗೆಯಬೇಕಿತ್ತು’ ಎನ್ನುತ್ತದೆ. ನಾವಿಲ್ಲಿ ಎರಡನೆಯದನ್ನು ಹಿಡಿಯೋಣ.

ಈಗ ಪ್ರತಿಯೊಂದು ಭಾಗವನ್ನೂ ತೆಗೆದು ನೋಡಿ. ಸಗಣಿ ಹೋದರೂ ಕತೆ ನಿಲ್ಲುತ್ತದೆ, ಕಲ್ಲು ಹೋದರೂ ನಿಲ್ಲುತ್ತದೆ. ‘ತಡಿ’ ಎಂಬ ಮಾತು ಹೋದರೆ ಮಾತ್ರ ಕತೆ ಬಿದ್ದುಹೋಗುತ್ತದೆ. ಕೀಲು ಇರುವುದು ಅಲ್ಲೇ.

ನೀತಿಯನ್ನು ಮೊದಲು ಬರೆಯಿರಿ

ಕೊನೆಯಲ್ಲಿ ಹೇಳುವ ಮಾತನ್ನು ಮೊದಲು ಬರೆದಿಟ್ಟುಕೊಳ್ಳಿ. ಆರು ಪದ ಮೀರಬಾರದು, ಕತೆಯಲ್ಲಿ ಕಣ್ಣಿಗೆ ಕಂಡ ಒಂದು ವಸ್ತು ಅದರೊಳಗೆ ಇರಬೇಕು. ಇಲ್ಲಿ ಆ ವಸ್ತು ಬಾಗಿಲು. ‘ಮರುಗಿದರೆ ಸಾಲದು, ಬಾಗಿಲು ತೆಗೆಯಬೇಕು.’ ಇದನ್ನು ಬಿಟ್ಟು ‘ಕಷ್ಟದಲ್ಲಿದ್ದವರಿಗೆ ನೆರವಾಗುವುದು ನಮ್ಮೆಲ್ಲರ ಕರ್ತವ್ಯ’ ಎಂದರೆ ಅದು ನೂರು ಕತೆಗಳ ಕೊನೆಗೆ ಹೊಂದುತ್ತದೆ. ಹಾಗೆ ಎಲ್ಲಿ ಬೇಕಾದರೂ ಹೊಂದುವ ಮಾತು ಈ ಕತೆಯದಲ್ಲ.

ತಿರುವು ಕೀಲಿಗೇ ಬೀಳಬೇಕು

ಕಾಗಕ್ಕನಿಗೆ ಸ್ಕೂಟರು, ಗುಬ್ಬಕ್ಕನಿಗೆ ಕೂಲಿಂಗ್ ಗ್ಲಾಸು ಕೊಟ್ಟರೆ ವೇಷ ಬದಲಾಗುತ್ತದೆ, ಕತೆ ಬದಲಾಗುವುದಿಲ್ಲ. ಹೊಸತನ ಬರಬೇಕಾದದ್ದು ‘ತಡಿ’ ಎನ್ನುವ ಕಾರಣದೊಳಗೆ. ಹಳೆಯ ಗುಬ್ಬಕ್ಕನಿಗೆ ಮನೆಗೆಲಸವಿತ್ತು. ಇಂದಿನ ಗುಬ್ಬಕ್ಕ ಕಾಗಕ್ಕನ ಕಷ್ಟವನ್ನೇ ಊರಿಗೆಲ್ಲ ಹೇಳುವುದರಲ್ಲಿ ಮುಳುಗಿದ್ದಾಳೆ. ಅವಳು ಕೆಟ್ಟವಳಲ್ಲ, ನಿಜವಾಗಿಯೂ ಮರುಗುತ್ತಿದ್ದಾಳೆ. ಆದರೂ ಬಾಗಿಲು ಮುಚ್ಚಿಯೇ ಇದೆ. ಈ ತಿರುವಿಗೆ ಶಕ್ತಿ ಬರುವುದು ಇದರಿಂದಲೇ.

ಹೊಸ ಕಾಲದ ವಸ್ತು ಒಂದೇ ಸಾಕು. ಇಲ್ಲಿ ಅದು ಫೋನು. ಅದರ ಜೊತೆಗೆ ಟೀವಿ, ಲಿಫ್ಟು, ವಾಚ್‌ಮನ್ನು ಎಲ್ಲ ಬಂದರೆ ಕೇಳುವವರ ಕಣ್ಣು ಕಾಗಕ್ಕನನ್ನು ಬಿಟ್ಟು ಅಲೆಯುತ್ತದೆ.

ಬರೆದಾಗ ಹೀಗೆ ಬರುತ್ತದೆ

ಕಾಗಕ್ಕನದು ಕೆರೆ ದಂಡೆಯ ಶೀಟಿನ ಮನೆ. ಗುಬ್ಬಕ್ಕನದು ನಾಲ್ಕನೇ ಮಹಡಿಯ ಫ್ಲಾಟು. ಒಂದು ರಾತ್ರಿ ಧೋ ಎಂದು ಮಳೆ. ಕೆರೆ ಉಕ್ಕಿತು, ಕಾಗಕ್ಕನ ಮನೆ ಮುಳುಗಿತು. ಮರಿಯನ್ನು ಎದೆಗವುಚಿಕೊಂಡು ಮೆಟ್ಟಿಲು ಹತ್ತಿ ಬಂದಳು.

‘ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ!’

‘ತಡಿ ಕಾಗಕ್ಕ, ನಿನ್ನ ಮನೆ ಮುಳುಗಿದ್ದನ್ನ ಗ್ರೂಪಿಗೆ ಹಾಕ್ತಿದೀನಿ.’

‘ಗುಬ್ಬಕ್ಕ, ಗುಬ್ಬಕ್ಕ, ಮರಿ ನಡುಗ್ತಿದೆ, ಬಾಗಿಲು ತೆಗಿ!’

‘ತಡಿ ಕಾಗಕ್ಕ, ಯಾರಾದರೂ ಸಹಾಯ ಮಾಡಿ ಅಂತ ಬರೀತಿದೀನಿ.’

‘ಗುಬ್ಬಕ್ಕ…’

‘ತಡಿ ಕಾಗಕ್ಕ, ಆಗಲೇ ನೂರು ಜನ ಕೈ ಮುಗಿದಿದಾರೆ!’

ಆಮೇಲೆ ಸದ್ದಿಲ್ಲ. ಗುಬ್ಬಕ್ಕ ಬಾಗಿಲು ತೆಗೆದಳು. ಹೊಸ್ತಿಲ ಮೇಲೆ ಒಂದು ಒದ್ದೆ ಗರಿ. ಕೈಯಲ್ಲಿ ಫೋನು ಇನ್ನೂ ಟಿಣ್ ಟಿಣ್ ಅನ್ನುತ್ತಲೇ ಇತ್ತು.

ಮರುಗಿದರೆ ಸಾಲದು, ಬಾಗಿಲು ತೆಗೆಯಬೇಕು.

ಇದರಲ್ಲಿ ಇರುವುದು 77 ಪದ. ಕನ್ನಡದ ಪದಗಳು ಪ್ರತ್ಯಯ ಸೇರಿ ಉದ್ದವಾಗುವುದರಿಂದ ಒಂದು ನಿಮಿಷದ ಕತೆಗೆ 70ರಿಂದ 80 ಪದ ಹಿತವಾದ ಅಳತೆ. 120 ಪದ ಬರೆದುಕೊಂಡರೆ ಹೇಳಿ ಮುಗಿಸಬಹುದು, ಆದರೆ ಮೌನಕ್ಕೆ ಜಾಗ ಉಳಿಯುವುದಿಲ್ಲ.

‘ಒಂದಾನೊಂದು ಕಾಲದಲ್ಲಿ ಒಂದು ಊರಿನಲ್ಲಿ’ ಎಂಬುದು ಇಲ್ಲಿಲ್ಲ. ಕೇಳಲು ಚೆಂದವೇ, ಆದರೆ ಅದಕ್ಕೆ ಮೂರು ಸೆಕೆಂಡು ಹೋಗುತ್ತದೆ, ಮೇಲಾಗಿ ಕಾಲ ಯಾವುದೆಂದು ‘ಫ್ಲಾಟು’ ಎಂಬ ಒಂದೇ ಪದ ಹೇಳಿಬಿಡುತ್ತದೆ. ಮೂರು ಸಲದ ಕರೆಯನ್ನು ಮಾತ್ರ ಎರಡಕ್ಕೆ ಇಳಿಸಬೇಡಿ. ಜನಪದ ಕತೆಗಳಲ್ಲಿ ಮೂರರ ಆವರ್ತನೆ, ಒಂದು ದೃಶ್ಯಕ್ಕೆ ಇಬ್ಬರೇ ಪಾತ್ರಗಳು, ಕೊನೆಯದಕ್ಕೆ ಹೆಚ್ಚು ತೂಕ, ಇವು ಮತ್ತೆ ಮತ್ತೆ ಕಾಣುವುದನ್ನು ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್ ನೂರು ವರ್ಷಕ್ಕೂ ಹಿಂದೆಯೇ ಗುರುತಿಸಿದ್ದರು. ಮೊದಲ ಕರೆ ರೂಢಿ ಹಾಕುತ್ತದೆ, ಎರಡನೆಯದು ನಿರೀಕ್ಷೆ ಹುಟ್ಟಿಸುತ್ತದೆ, ಮೂರನೆಯದು ಅದನ್ನು ಮುರಿಯುತ್ತದೆ. ಹಾಗಾಗಿಯೇ ಮೂರನೆಯ ಸಲ ಕಾಗಕ್ಕನ ಬಾಯಲ್ಲಿ ಒಂದೇ ಪದ ಉಳಿದಿರುವುದು.

ಗಡಿಯಾರ ಹಿಡಿದು ಹೇಳಿ

ಮೆಟ್ಟಿಲು ಹತ್ತಿ ಬರುವವರೆಗೆ 15 ಸೆಕೆಂಡು. ಮೂರು ಕರೆ, ಮೂರು ‘ತಡಿ’ಗೆ 25. ‘ಆಮೇಲೆ ಸದ್ದಿಲ್ಲ’ದಿಂದ ಫೋನಿನ ಸದ್ದಿನವರೆಗೆ 14. ಒಂದು ಉಸಿರಿನ ಮೌನ ಮತ್ತು ನೀತಿಗೆ ಸೇರಿ 6. ನಾಲ್ಕು ಸಲ ಗಟ್ಟಿಯಾಗಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅರವತ್ತು ದಾಟಿದರೆ ವೇಗ ಹೆಚ್ಚಿಸದೆ ಮೊದಲ 15 ಸೆಕೆಂಡಿನಿಂದ ಪದ ತೆಗೆಯಿರಿ. ತೆಗೆಯಬಹುದಾದದ್ದು ಹೆಚ್ಚಾಗಿ ಅಲ್ಲೇ ಇರುತ್ತದೆ.

ಕಾಗಕ್ಕನ ದನಿ ಮೂರು ಸಲವೂ ಇಳಿಯುತ್ತ ಬರಲಿ, ಗುಬ್ಬಕ್ಕನ ದನಿ ಏರುತ್ತ ಹೋಗಲಿ. ಗುಬ್ಬಕ್ಕ ಮಾತಾಡುವಾಗ ಕಣ್ಣು ಅಂಗೈಯ ಮೇಲಿರಲಿ, ಕಾಗಕ್ಕ ಮಾತಾಡುವಾಗ ಮುಂದಿರುವ ಬಾಗಿಲಿನ ಮೇಲಿರಲಿ. ‘ಒದ್ದೆ ಗರಿ’ ಎಂದ ಮೇಲೆ ನಿಲ್ಲಿ. ಇಲ್ಲಿ ನಿಲ್ಲದೆ ಓಡಿದರೆ ಏನಾಯಿತೆಂದು ಅರ್ಥವಾಗುವ ಮೊದಲೇ ನೀತಿ ಬಂದುಬಿಡುತ್ತದೆ. ನೀತಿಯನ್ನು ‘ಈ ಕತೆಯ ನೀತಿ ಏನೆಂದರೆ’ ಎಂದು ಶುರು ಮಾಡಬೇಡಿ. ಮಾತಾಡುವ ದನಿಯಲ್ಲೇ ಹೇಳಿ, ಆಮೇಲೆ ಒಂದು ಪದವನ್ನೂ ಸೇರಿಸಬೇಡಿ.

ಸರಿಯಾಯಿತೇ ಎಂದು ತಿಳಿಯಲು

ಕತೆ ಗೊತ್ತಿರುವ ಒಬ್ಬರಿಗೆ, ಗೊತ್ತಿಲ್ಲದ ಒಂದು ಮಗುವಿಗೆ ನೀತಿಯ ಸಾಲು ಬಿಟ್ಟು ಹೇಳಿ. ‘ಗುಬ್ಬಕ್ಕ ಏನು ಮಾಡಬೇಕಿತ್ತು?’ ಎಂದು ಕೇಳಿ. ‘ಬಾಗಿಲು ತೆಗೀಬೇಕಿತ್ತು’ ಎಂದರೆ ಕತೆ ನಿಂತಿದೆ. ‘ಮೊಬೈಲು ನೋಡಬಾರದಿತ್ತು’ ಎಂದರೆ ಫೋನು ಕಾಗಕ್ಕನಿಗಿಂತ ದೊಡ್ಡದಾಗಿದೆ ಎಂದರ್ಥ. ಹಳೆಯ ಗುಬ್ಬಕ್ಕನ ಕೈಯಲ್ಲಿ ಫೋನಿರಲಿಲ್ಲ, ಆದರೂ ಅವಳು ತೆಗೆಯಲಿಲ್ಲ. ಆಗ ನೀತಿಯನ್ನು ಮುಟ್ಟಬೇಡಿ. ನಡುವಿನ ಫೋನಿನ ಮಾತು ಕಡಿಮೆ ಮಾಡಿ, ಮರಿಯ ನಡುಕಕ್ಕೆ ಇನ್ನೆರಡು ಪದ ಕೊಟ್ಟು, ಮತ್ತೊಂದು ಮಗುವಿಗೆ ಹೇಳಿ ನೋಡಿ.